ಯುಗಾದಿ ಏಕೆ ಹಿಂದೆ ಮುಂದೆ ಸರಿಯುತ್ತದೆ: ತರಗತಿಗೊಂದು ಲೆಕ್ಕದ ಹಾಳೆ

ಈ ಅಭ್ಯಾಸ ಹಾಳೆಯಲ್ಲಿ ಮಕ್ಕಳಿಗೆ ಮೊದಲು ವಿವರಣೆ ಬೇಡ, ಚಾಂದ್ರಮಾನ ಯುಗಾದಿಯ ಐದು ದಿನಾಂಕ ಕೊಡಿ: 2 ಏಪ್ರಿಲ್ 2022, 22 ಮಾರ್ಚ್ 2023, 9 ಏಪ್ರಿಲ್ 2024, 30 ಮಾರ್ಚ್ 2025, 19 ಮಾರ್ಚ್ 2026. ಒಂದು ಯುಗಾದಿಯಿಂದ ಮುಂದಿನದಕ್ಕೆ ಎಷ್ಟು ದಿನ ಎಂದು ಎಣಿಸಲಿ. ಉತ್ತರ 354, 384, 355, 354. ಎರಡನೆಯದಕ್ಕೆ 383 ಬಂದರೆ 2024ರ ಫೆಬ್ರವರಿ 29 ಬಿಟ್ಟುಹೋಗಿದೆ ಎಂದರ್ಥ. ಎಲ್ಲವೂ ಒಂದೊಂದು ಹೆಚ್ಚು ಬಂದರೆ ಎರಡೂ ತುದಿಯ ದಿನಗಳನ್ನು ಎಣಿಸಿದ್ದಾರೆ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಹನ್ನೆರಡರಿಂದ ಗುಣಿಸಿದರೆ ಸುಮಾರು 354.4. ಸೌರವರ್ಷಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ 11 ದಿನ ಕೊರತೆ. ಹಾಗಾದರೆ 384 ಎಲ್ಲಿಂದ ಬಂತು? 354ಕ್ಕೆ 30 ಕೂಡಿಸಿದರೆ ಸಿಗುತ್ತದೆ, ಅಂದರೆ ಆ ವರ್ಷ ಹದಿಮೂರು ತಿಂಗಳಿದ್ದವು. ಇದನ್ನು ಮಕ್ಕಳೇ ಕಂಡುಹಿಡಿಯಲು ಸಮಯ ಕೊಡಿ. ಹಾಳೆಯ ಜೀವಾಳ ಇಲ್ಲಿದೆ.

ಇನ್ನು ಆ ಹೆಚ್ಚುವರಿ ತಿಂಗಳು ಯಾವುದು? ನಿಯಮ ಸರಳ: ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ರಾಶಿ ಬದಲಿಸದಿದ್ದರೆ, ಅಂದರೆ ಸಂಕ್ರಾಂತಿಯೇ ಇಲ್ಲದಿದ್ದರೆ, ಅದು ಅಧಿಕ ಮಾಸ. 2023ರಲ್ಲಿ ಕರ್ಕಾಟಕ ಸಂಕ್ರಮಣ ಜುಲೈ 17ರ ಬೆಳಗಿನ ಜಾವ ಆಯಿತು. ಅದೇ ದಿನ ನಡುರಾತ್ರಿ ದಾಟುವಷ್ಟರಲ್ಲಿ ಅಮಾವಾಸ್ಯೆ ಮುಗಿಯಿತು. ಮುಂದಿನ ಅಮಾವಾಸ್ಯೆ ಮುಗಿದದ್ದು ಆಗಸ್ಟ್ 16ರ ಮಧ್ಯಾಹ್ನ, ಸಿಂಹ ಸಂಕ್ರಮಣ ಆಗಸ್ಟ್ 17ರಂದು. ನಡುವಿನ ತಿಂಗಳಿಗೆ ಸಂಕ್ರಾಂತಿ ಸಿಗಲಿಲ್ಲ; ಅದು ಅಧಿಕ ಶ್ರಾವಣವಾಯಿತು. ಒಂದು ಗೆರೆ ಎಳೆಸಿ ಈ ನಾಲ್ಕು ಕ್ಷಣಗಳನ್ನು ಗುರುತು ಹಾಕಿಸಿದರೆ ಕಣ್ಣಿಗೇ ಕಾಣುತ್ತದೆ. ಜುಲೈ ಸುಮಾರಿಗೆ ಭೂಮಿ ಸೂರ್ಯನಿಂದ ದೂರವಿದ್ದು ನಿಧಾನ ಚಲಿಸುವುದರಿಂದ ಒಂದು ರಾಶಿ ದಾಟಲು 31 ದಿನಕ್ಕೂ ಹೆಚ್ಚು ಬೇಕು. ಆದ್ದರಿಂದಲೇ ಅಧಿಕ ಮಾಸ ಈ ಕಾಲದಲ್ಲಿ ಹೆಚ್ಚು, ಜನವರಿ ಸುಮಾರಿಗೆ ಬಹಳ ಅಪರೂಪ.

“ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ” ಎಂದು ಬರೆಸುವ ಹಾಳೆಗಳು ಸ್ವಲ್ಪ ದೂರದಲ್ಲೇ ದಾರಿ ತಪ್ಪುತ್ತವೆ. 19 ವರ್ಷಕ್ಕೆ 7 ಎಂದು ಹಿಡಿದರೆ ಲೆಕ್ಕ ಕೂಡುತ್ತದೆ: 19 ಸೌರವರ್ಷಕ್ಕೆ 6939.6 ದಿನ, 235 ಚಾಂದ್ರ ತಿಂಗಳಿಗೆ 6939.7.

ಮಕರ ಸಂಕ್ರಾಂತಿ ಜನವರಿ 14 ಅಥವಾ 15ರಲ್ಲೇ ನಿಲ್ಲುವುದು ಅದು ಸೂರ್ಯನ ಲೆಕ್ಕದ್ದಾದ್ದರಿಂದ. ರಂಜಾನ್ ಹಬ್ಬಕ್ಕೆ ಚಂದ್ರನ ಲೆಕ್ಕ ಮಾತ್ರ, ಹಿಜರಿಯಲ್ಲಿ ಅಧಿಕ ಮಾಸವಿಲ್ಲ. ಹಾಗಾಗಿ ಅದು ವರ್ಷಕ್ಕೆ 10–12 ದಿನ ಹಿಂದೆ ಸರಿಯುತ್ತಾ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಈ ಹಬ್ಬದ ಉತ್ತರದಲ್ಲಿ ಒಂದು ದಿನದ ವ್ಯತ್ಯಾಸ ಬಂದರೆ ಅಂಕ ಕಳೆಯಬೇಡಿ. ಚಂದ್ರದರ್ಶನವಾದ ಮೇಲೆಯೇ ದಿನ ನಿಗದಿಯಾಗುವ ಕಡೆಗಳಲ್ಲಿ ಸರಾಸರಿಯಿಂದ ಅಷ್ಟು ಕರಾರುವಾಕ್ಕಾಗಿ ಹೇಳಲು ಬರುವುದಿಲ್ಲ.