ಎರಡು ಸಲ ಬರುವ ಒಂದೂವರೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾಲ್ಕೈದು ಮಂದಿ ಸೇರಿ ನಡೆಸುವ ನಮ್ಮ ಪುಟ್ಟ ಆಫೀಸಿಗೆ ನ್ಯೂಯಾರ್ಕ್‌ನ ಒಂದು ಅಂಗಡಿಯ ಲೆಕ್ಕದ ಕೆಲಸ ಬಂದಿತ್ತು. ದಿನಾ ಅಲ್ಲಿಯ ನಸುಕಿನ 1:30ಕ್ಕೆ ಹಿಂದಿನ ದಿನದ ವ್ಯಾಪಾರ ಕೂಡಿಸಿ, ಬಾಕಿ ಇದ್ದವರಿಗೆ ಬಿಲ್ ಕಳಿಸಬೇಕು. 2024ರ ನವೆಂಬರ್ 3ರಂದು ಎಲ್ಲರಿಗೂ ಎರಡೆರಡು ಬಿಲ್ ಹೋದವು. "ಹಂಗಾದ್ರ 2:30ಕ್ಕ ಇಡೂಣು ಬಿಡ್ರಿ" ಅಂದ ಗೆಳೆಯ. ಇಟ್ಟೆವು. 2025ರ ಮಾರ್ಚ್ 9ರಂದು ಒಬ್ಬರಿಗೂ ಬಿಲ್ ಹೋಗಲಿಲ್ಲ.

ತಪ್ಪು ನಮ್ಮದೇ. ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ಹೇಳಿದ ಹೊತ್ತು ಕಂಡರೆ ಕೆಲಸ ಶುರು ಮಾಡುತ್ತಿತ್ತು, ಅಷ್ಟೇ. ಅಮೆರಿಕದಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ಚಳಿಗಾಲಕ್ಕೆ ಮತ್ತೆ ಹಿಂದಕ್ಕೆ ತರುತ್ತಾರೆ. ಆ ನವೆಂಬರ್ ಭಾನುವಾರ ನ್ಯೂಯಾರ್ಕ್‌ನಲ್ಲಿ 2 ಗಂಟೆ ಆಗುತ್ತಿದ್ದಂತೆ ಮುಳ್ಳನ್ನು 1ಕ್ಕೆ ಹಿಂದೆ ತಿರುಗಿಸುತ್ತಾರೆ. ಹಾಗಾಗಿ 1:30 ಎರಡು ಸಲ ಬರುತ್ತದೆ. ಮಾರ್ಚ್‌ನಲ್ಲಿ 1:59 ಆದ ಮೇಲೆ ನೇರವಾಗಿ 3:00. ಅಂದು 2:30 ಬರುವುದೇ ಇಲ್ಲ.

ನಮ್ಮ ಗಡಿಯಾರದಲ್ಲಿ ನೋಡಿದರೆ ಇದು ಸಲೀಸು. ನವೆಂಬರ್‌ನ ಮೊದಲ 1:30 ಬಂದಾಗ ಹುಬ್ಬಳ್ಳಿಯಲ್ಲಿ ಬೆಳಿಗ್ಗೆ 11, ಎರಡನೆಯದು ಬಂದಾಗ ಮಧ್ಯಾಹ್ನ 12. ಎರಡು ಬೇರೆ ಬೇರೆ ಹೊತ್ತಿಗೆ ಒಂದೇ ಹೆಸರು ಬಿದ್ದಿದೆ, ಅಲ್ವಾ?

ಈ ಪದ್ಧತಿಯನ್ನು ದೇಶದ ಮಟ್ಟದಲ್ಲಿ 1916ರಲ್ಲಿ ಜರ್ಮನಿ ಶುರು ಮಾಡಿತು, 1918ರಲ್ಲಿ ಅಮೆರಿಕ. ನಮಗೂ ಇದು ಪೂರ್ತಿ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಭಾರತದ ಗಡಿಯಾರವೂ ಒಂದು ಗಂಟೆ ಮುಂದಿತ್ತು. ಆಗ ಹುಟ್ಟಿದವರ ಜಾತಕ ಬರೆಯುವಾಗ ಇವತ್ತಿಗೂ ಆ ಒಂದು ಗಂಟೆ ಕಳೆಯುತ್ತಾರೆ.

ಕಂಪ್ಯೂಟರಿಗಿಂತ ಮೊದಲೇ ಈ ತೊಡಕನ್ನು ಕಂಡದ್ದು ರೈಲು. ಅಮೆರಿಕದ ಆಮ್‌ಟ್ರಾಕ್‌ ರಾತ್ರಿ ರೈಲುಗಳು ಮುಳ್ಳು ಹಿಂದೆ ಸರಿದ ರಾತ್ರಿ ಒಂದು ನಿಲ್ದಾಣದಲ್ಲಿ ಸುಮ್ನೆ ಒಂದು ಗಂಟೆ ಕಾಯುತ್ತವೆ. ಇಲ್ಲದಿದ್ದರೆ ಮುಂದಿನ ಊರನ್ನು ವೇಳೆಗೆ ಮುಂಚೆ ಬಿಟ್ಟು, ಟಿಕೆಟ್ ತಗೊಂಡವರು ಪ್ಲಾಟ್‌ಫಾರ್ಮ್‌ನಲ್ಲೇ ಉಳಿಯುತ್ತಾರೆ. ವಸಂತದಲ್ಲಿ ಮಾತ್ರ ಉಪಾಯವಿಲ್ಲ. ಓಡುವ ರೈಲು ಇದ್ದಕ್ಕಿದ್ದಂತೆ ಒಂದು ಗಂಟೆ ಲೇಟ್.

ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಎಂಬ ಹಳೆಯ ಪ್ರೋಗ್ರಾಮ್ ಇದೆ. ಪಾಲ್ ವಿಕ್ಸಿ 1987ರಲ್ಲಿ ಬರೆದದ್ದರಿಂದ ಬೆಳೆದ, ಇಂದು ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನಲ್ಲಿ ಸಿಗುವ ಕ್ರಾನ್ ಈ ರೈಲಿನ ಹಾಗೆಯೇ ನಡೆಯುತ್ತದೆ. ಹಾರಿಹೋದ ಗಂಟೆಯ ಕೆಲಸಗಳನ್ನು ಕೂಡಲೇ ಓಡಿಸುತ್ತದೆ. ಮರಳಿ ಬಂದ ಗಂಟೆಯಲ್ಲಿ ಅವನ್ನೇ ಮತ್ತೆ ಓಡಿಸುವುದಿಲ್ಲ. ಆದರೆ ಈ ಕಾಳಜಿ ನಿಗದಿತ ಹೊತ್ತಿನ ಕೆಲಸಗಳಿಗೆ ಮಾತ್ರ. ಹತ್ತು ನಿಮಿಷಕ್ಕೊಮ್ಮೆ ಓಡುವಂಥವು ಎಂದಿನಂತೆ ಓಡುತ್ತವೆ. ನಾವು ಇದನ್ನೇ ಬಳಸಿದ್ದರೆ ಎರಡೂ ಪೇಚು ತಪ್ಪುತ್ತಿದ್ದವು. ಸ್ವಂತ ಸ್ಕ್ರಿಪ್ಟಿನ ಹಟ, ಏನು ಮಾಡೋದು.

ನಿಜವಾದ ಕೊರತೆ ಇರುವುದು ಹೊತ್ತನ್ನು ಬರೆದಿಡುವ ರೀತಿಯಲ್ಲಿ. ತಾರೀಖು, ಗಂಟೆ, ನಿಮಿಷ, ಊರು ಇಷ್ಟಿದ್ದರೂ ಯಾವ 1:30 ಅಂತ ಹೇಳಲಾಗದು. ಮೊದಲನೆಯದೋ ಎರಡನೆಯದೋ ಎಂಬ ಗುರುತು ಬೇಕು. ಪೈಥಾನ್ ಭಾಷೆಗೆ ಆ ಗುರುತು ಬಂದದ್ದು 2016ರಲ್ಲಿ, 3.6ನೇ ಆವೃತ್ತಿಯಲ್ಲಿ. ಅದರ ಹೆಸರು `fold`.

```python
from datetime import datetime
from zoneinfo import ZoneInfo

ny = ZoneInfo("America/New_York")
a = datetime(2024, 11, 3, 1, 30, tzinfo=ny)
b = a.replace(fold=1)
```

`a` ಮೊದಲ 1:30, `b` ಎರಡನೆಯದು. ಜಗತ್ತಿಗೆಲ್ಲ ಒಂದೇ ಆಗಿರುವ, ಮುಳ್ಳು ಹಿಂದೆಮುಂದೆ ಆಗದ ಯುಟಿಸಿ ಹೊತ್ತಿಗೆ ತಿರುಗಿಸಿದರೆ ಒಂದು 5:30, ಇನ್ನೊಂದು 6:30. ಏನೂ ಹೇಳದಿದ್ದರೆ ಮೊದಲನೆಯದು ಅಂತಲೇ ಲೆಕ್ಕ. ಜಾವಾ ಕೂಡ ಹಾಗೇ ಮಾಡುತ್ತದೆ.

ಇಲ್ಲದ ಹೊತ್ತನ್ನು ಕೊಟ್ಟರೆ? ಪೈಥಾನ್ ತಕರಾರು ಮಾಡುವುದಿಲ್ಲ, ಅದೇ ಅಪಾಯ. ಕಂಡುಹಿಡಿಯಲು ಸುಲಭದ ದಾರಿ ಒಂದಿದೆ. ಯುಟಿಸಿಗೆ ತಿರುಗಿಸಿ, ವಾಪಸ್ ನ್ಯೂಯಾರ್ಕ್ ಹೊತ್ತಿಗೆ ತನ್ನಿ. ಮಾರ್ಚ್ 9ರ 2:30 ಕೊಟ್ಟರೆ 3:30 ಆಗಿ ಮರಳುತ್ತದೆ. ಹೋದದ್ದೇ ಬರದಿದ್ದರೆ ಅಂಥ ಹೊತ್ತು ಇಲ್ಲ ಅಂತ ತಿಳಿಯಿರಿ.

ಎಲ್ಲವನ್ನೂ ಯುಟಿಸಿಯಲ್ಲಿ ಬರೆದಿಟ್ಟರೆ ಮುಗೀತು ಅನ್ನುವವರು ಜಾಸ್ತಿ. ನಡೆದುಹೋದ ಘಟನೆಗೆ ಅದು ಸರಿ. ಮುಂದಿನ ವರ್ಷ ಬೆಳಿಗ್ಗೆ 9ಕ್ಕೆ ಡಾಕ್ಟರ್ ಭೇಟಿ ಅಂದರೆ ಅದು ಆ ಊರಿನ 9 ಗಂಟೆ. ಅಮೆರಿಕ 2007ರಲ್ಲಿ ಮುಳ್ಳು ತಿರುಗಿಸುವ ವಾರಗಳನ್ನೇ ಬದಲಿಸಿತು. ಮೊದಲೇ ಯುಟಿಸಿಗೆ ತಿರುಗಿಸಿಟ್ಟ ಭೇಟಿಗಳು ಅಂಥ ಸಲ ಒಂದು ಗಂಟೆ ಜಾರುತ್ತವೆ. ಅವಕ್ಕೆ ಊರಿನ ಹೊತ್ತು ಮತ್ತು ಊರಿನ ಹೆಸರು, ಎರಡನ್ನೂ ಇಡಬೇಕು. ಮಧ್ಯರಾತ್ರಿಗೆ ಇಟ್ಟರೆ ತೊಂದರೆಯಿಲ್ಲ ಅನ್ನುವುದೂ ಪೊಳ್ಳು. 2019ರಲ್ಲಿ ಕೈಬಿಡುವವರೆಗೆ ಬ್ರೆಜಿಲ್ ಮುಳ್ಳನ್ನು ಸರಿಯಾಗಿ ರಾತ್ರಿ 12ಕ್ಕೇ ಮುಂದೆ ತಳ್ಳುತ್ತಿತ್ತು. ಅಲ್ಲಿ ಆ ದಿನ ಶುರುವಾಗುತ್ತಿದ್ದದ್ದೇ 1 ಗಂಟೆಗೆ.

ನಮ್ಮ ಬಿಲ್ ಕೆಲಸ ಈಗ ಯುಟಿಸಿ 7:30ಕ್ಕೆ ಓಡುತ್ತದೆ. ಅದು ನ್ಯೂಯಾರ್ಕ್‌ನಲ್ಲಿ ಚಳಿಗಾಲಕ್ಕೆ 2:30, ಬೇಸಿಗೆಗೆ 3:30. ಜೊತೆಗೆ, ಅದೇ ತಾರೀಖಿನ ಬಿಲ್ ಆಗಲೇ ಹೋಗಿದ್ದರೆ ಮತ್ತೆ ಕಳಿಸಬೇಡ ಅಂತ ಒಂದು ಸಾಲು ಸೇರಿಸಿದ್ದೇವೆ. ಹುಬ್ಬಳ್ಳಿಯಲ್ಲಿ ವರ್ಷವಿಡೀ ಮಧ್ಯಾಹ್ನ 1 ಗಂಟೆ, ರೊಟ್ಟಿ ಡಬ್ಬಿ ಬಿಚ್ಚುವ ಹೊತ್ತು.