‘ಯಾಕೆ?’ ಎಂದು ಕೇಳಿದರೆ ಚಾಟ್‌ಬಾಟ್ ಕೊಡುವುದು ಇನ್ನೊಂದು ಉತ್ತರ

ಚಾಟ್‌ಬಾಟ್‌ಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವ ಒಂದು ತಂಡ ಒಮ್ಮೆ ನನ್ನನ್ನು ಕರೆಸಿತ್ತು. ಅವರಲ್ಲಿ ಹೊಸದಾಗಿ ಸೇರಿದವರು ಕೆಲಸ ಕಲಿಯುತ್ತಿದ್ದರು. ಒಂದೇ ದೂರಿಗೆ ಇಬ್ಬರು ಬರೆದ ಉತ್ತರಗಳನ್ನು ಚಾಟ್‌ಬಾಟ್‌ಗೆ ಕೊಟ್ಟು, ‘ಯಾವುದು ಚೆನ್ನಾಗಿದೆ, ಯಾಕೆ?’ ಎಂದು ಕೇಳುತ್ತಿದ್ದರು. ಅದು ಕೊಟ್ಟ ಕಾರಣವನ್ನು ಹಾಗೇ ಬರೆದವರಿಗೆ ಕಳಿಸುತ್ತಿದ್ದರು. ತಂಡದ ಮುಖ್ಯಸ್ಥರಿಗೆ ಇದು ಬಹಳ ಹಿಡಿಸಿತ್ತು. ‘ತೀರ್ಪು ಮಾತ್ರ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ, ಕಾರಣವನ್ನೂ ಬಿಡಿಸಿ ಹೇಳುತ್ತದಲ್ಲ’ ಎಂದರು.

ನಾನು ಒಂದು ಜೋಡಿಯನ್ನು ಎತ್ತಿಕೊಂಡೆ. ಗ್ರಾಹಕರ ಖಾತೆಯಿಂದ ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗಿತ್ತು. ಒಂದು ಉತ್ತರ ಚಿಕ್ಕದು. ಹಣ ಯಾವತ್ತು ವಾಪಸ್ ಬರುತ್ತದೆ, ದೂರಿನ ಸಂಖ್ಯೆ ಏನು, ಇಷ್ಟೇ. ಇನ್ನೊಂದು ಉದ್ದನೆಯದು. ಮೊದಲು ಕ್ಷಮೆ, ಆಮೇಲೆ ಹೀಗಾಗಲು ಏನು ಕಾರಣ, ಮುಂದೆ ಏನೇನು ಆಗುತ್ತದೆ ಎಂಬ ವಿವರ. ಚಿಕ್ಕದನ್ನು ಮೊದಲು ಇಟ್ಟು ಕೇಳಿದೆ. ಚಾಟ್‌ಬಾಟ್ ಚಿಕ್ಕದನ್ನೇ ಆರಿಸಿತು. ಹಣ ಹೋಗಿ ಗಾಬರಿಯಾದವರಿಗೆ ಬೇಕಾಗಿರುವುದು ದಿನಾಂಕ, ಸುತ್ತಿ ಬಳಸಿ ಹೇಳುವ ಮಾತಲ್ಲ ಎಂದು ಕಾರಣ ಕೊಟ್ಟಿತು. ಸರಿಯಾದ ಮಾತೇ ಅಲ್ವಾ?

ಹೊಸ ಸಂಭಾಷಣೆ ತೆರೆದು, ಅದೇ ಎರಡು ಉತ್ತರಗಳನ್ನು ಅದಲುಬದಲು ಮಾಡಿ ಕೇಳಿದೆ. ಒಂದಕ್ಷರವೂ ಬದಲಾಗಿರಲಿಲ್ಲ. ಈ ಸಲ ಉದ್ದನೆಯದು ಗೆದ್ದಿತು. ಗಾಬರಿಯಾದವರಿಗೆ ಮೊದಲು ಬೇಕಾಗಿರುವುದು ಧೈರ್ಯ, ಇನ್ನೊಂದು ಉತ್ತರ ತೀರಾ ಒರಟಾಗಿದೆ ಎಂಬ ಕಾರಣ ಬಂತು. ಇದೂ ಒಪ್ಪುವಂಥದ್ದೇ. ಎರಡು ಸಲವೂ ಗೆದ್ದದ್ದು ಮೊದಲು ಇಟ್ಟ ಉತ್ತರ. ಆದರೆ ಎರಡೂ ವಿವರಣೆಗಳಲ್ಲಿ ‘ಇದು ಮೊದಲು ಇತ್ತು’ ಎಂಬ ಮಾತು ಎಲ್ಲೂ ಇರಲಿಲ್ಲ.

ಇಲ್ಲಿ ಚಾಟ್‌ಬಾಟ್ ಸುಳ್ಳು ಹೇಳಿತು ಎಂದುಕೊಳ್ಳುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ನಿಜ ಗೊತ್ತಿದ್ದು ಮುಚ್ಚಿಟ್ಟರೆ ಅದು ಸುಳ್ಳು. ಇಲ್ಲಿ ನಡೆಯುವುದೇ ಬೇರೆ.

ಚಾಟ್‌ಬಾಟ್ ಪಠ್ಯವನ್ನು ತುಣುಕು ತುಣುಕಾಗಿ ಬರೆಯುತ್ತದೆ. ಈ ತುಣುಕಿಗೆ ಟೋಕನ್ ಎನ್ನುತ್ತಾರೆ. ಒಂದು ಪದ ಅಥವಾ ಪದದ ಚೂರು ಎಂದು ಅರ್ಥ ಮಾಡಿಕೊಂಡರೆ ಸಾಕು. ಒಂದೊಂದು ಟೋಕನ್ ಹೊರಬರುವ ಮೊದಲು, ಅಲ್ಲಿಯವರೆಗಿನ ಇಡೀ ಸಂಭಾಷಣೆ ಅಂಕಿಗಳಾಗಿ ಹಲವು ಪದರಗಳನ್ನು ದಾಟುತ್ತದೆ. ‘ಮೊದಲನೆಯದು ಚೆನ್ನಾಗಿದೆ’ ಎಂಬ ತೀರ್ಪು ಹುಟ್ಟುವುದು ಆ ಅಂಕಿಗಳ ಲೆಕ್ಕದಲ್ಲಿ. ಆಮೇಲೆ ನೀವು ‘ಯಾಕೆ?’ ಎಂದು ಕೇಳಿದರೆ, ಆ ಲೆಕ್ಕದ ದಾಖಲೆಯನ್ನು ತೆರೆದು ಓದಿ ಹೇಳುವ ಏರ್ಪಾಡು ಅದರಲ್ಲಿಲ್ಲ. ಹಿಂದಿನ ಲೆಕ್ಕದ ಕೆಲವು ಅಂಕಿಗಳು ಮುಂದಿನ ಟೋಕನ್‌ಗಳಿಗೂ ಸಿಗುತ್ತವೆ, ನಿಜ. ಆದರೆ ಅವುಗಳನ್ನು ಇದ್ದದ್ದು ಇದ್ದ ಹಾಗೆ ಮಾತಿಗೆ ಇಳಿಸುವುದನ್ನು ಅದಕ್ಕೆ ಸಾಮಾನ್ಯವಾಗಿ ಯಾರೂ ಕಲಿಸಿರುವುದಿಲ್ಲ. ಅದು ಕಲಿತಿರುವುದು ಜನ ಬರೆದ ವಿವರಣೆಗಳನ್ನು. ಒಂದು ಪತ್ರ ಇನ್ನೊಂದಕ್ಕಿಂತ ಯಾಕೆ ಚೆನ್ನಾಗಿದೆ ಎಂದು ಜನ ಹೇಗೆ ಬರೆಯುತ್ತಾರೋ, ಹಾಗೆ ಇದೂ ಬರೆಯುತ್ತದೆ. ‘ಮೊದಲು ಕಂಡಿತು, ಅದಕ್ಕೇ ಆರಿಸಿದೆ’ ಎಂದು ಯಾರೂ ಬರೆಯುವುದಿಲ್ಲ. ಹಾಗಾಗಿ ಇದೂ ಬರೆಯುವುದಿಲ್ಲ. ಮಾತಿನಲ್ಲಿರುವ ಆ ಗಟ್ಟಿತನ ಕೂಡ ಅಲ್ಲಿಂದಲೇ ಬಂದದ್ದು. ಸ್ಪಷ್ಟವಾಗಿ, ತಡವರಿಸದೆ ಹೇಳಿದ ವಿವರಣೆಯನ್ನು ಜನ ಮೆಚ್ಚುತ್ತಾರೆ. ತರಬೇತಿಯಲ್ಲಿ ಜನ ಮೆಚ್ಚಿದ್ದಕ್ಕೆ ಅಂಕ ಜಾಸ್ತಿ.

ಇದನ್ನು ಬಹಳ ಚೆನ್ನಾಗಿ ತೋರಿಸಿದ ಉದಾಹರಣೆಯೊಂದು 2025ರಲ್ಲಿ ಬಂತು. ಆಂತ್ರೊಪಿಕ್ ಕಂಪನಿಯ ಸಂಶೋಧಕರು ಚಾಟ್‌ಬಾಟ್‌ನ ಹಿಂದೆ ಕೆಲಸ ಮಾಡುವ ತಮ್ಮದೇ ಕ್ಲಾಡ್ 3.5 ಹೈಕು ಎಂಬ ಮಾದರಿಯ ಒಳಗಿನ ಲೆಕ್ಕವನ್ನು ಹಂತ ಹಂತವಾಗಿ ಹಿಂಬಾಲಿಸಿದರು. ಪ್ರಶ್ನೆ ಸಣ್ಣದು: 36 ಮತ್ತು 59 ಕೂಡಿದರೆ ಎಷ್ಟು? ಉತ್ತರ 95 ಎಂದು ಸರಿಯಾಗಿಯೇ ಬಂತು. ಹೇಗೆ ಮಾಡಿದೆ ಎಂದು ಕೇಳಿದಾಗ ಅದು ಹೇಳಿದ್ದು ನಾವು ಶಾಲೆಯಲ್ಲಿ ಕಲಿತ ಕ್ರಮವನ್ನೇ. 6 ಮತ್ತು 9 ಕೂಡಿದರೆ 15, ದಶಕ 1, ಆಮೇಲೆ 3, 5 ಮತ್ತು ಆ 1 ಸೇರಿ 9.

ಒಳಗೆ ಕಂಡದ್ದು ಬೇರೆ. ಅಲ್ಲಿ ಎರಡು ದಾರಿಗಳು ಒಟ್ಟಿಗೆ ಕೆಲಸ ಮಾಡುತ್ತಿದ್ದವು. ಒಂದು ದಾರಿ ಅಂದಾಜು ಹಾಕುತ್ತಿತ್ತು, ಮೊತ್ತ ಸುಮಾರು ತೊಂಬತ್ತರ ಆಸುಪಾಸು ಎಂದು. ಇನ್ನೊಂದು ದಾರಿ ಕೊನೆಯ ಅಂಕಿಯನ್ನು ಮಾತ್ರ ನೋಡುತ್ತಿತ್ತು. 6ರಲ್ಲಿ ಕೊನೆಯಾಗುವ ಸಂಖ್ಯೆಗೆ 9ರಲ್ಲಿ ಕೊನೆಯಾಗುವುದನ್ನು ಕೂಡಿದರೆ ಉತ್ತರ 5ರಲ್ಲಿ ಕೊನೆಯಾಗಬೇಕು. ಈ ಎರಡೂ ಸೇರಿ 95ಕ್ಕೆ ಬಂದು ನಿಂತವು. ಶಾಲೆಯ ಕ್ರಮ ಅದಕ್ಕೆ ಸಿಕ್ಕಿದ್ದು ಪುಸ್ತಕದ ವಿವರಣೆಗಳಿಂದ. ತಾನು ಲೆಕ್ಕ ಮಾಡುವ ರೀತಿಯನ್ನು ಅದು ತರಬೇತಿಯಲ್ಲಿ ತಾನೇ ಕಂಡುಕೊಂಡಿತ್ತು. ಲೆಕ್ಕ ಮಾಡುವ ಶಕ್ತಿ ಒಂದು ಕಡೆ, ಲೆಕ್ಕವನ್ನು ವಿವರಿಸುವ ಶಕ್ತಿ ಇನ್ನೊಂದು ಕಡೆ ಬೆಳೆದಿತ್ತು. ಉತ್ತರ ಸರಿ, ವಿವರಣೆಯೂ ಗಣಿತವಾಗಿ ಸರಿ. ಆದರೆ ಆ ವಿವರಣೆ ಆ ಉತ್ತರದ ಚರಿತ್ರೆಯಲ್ಲ. ಈ ಕೊನೆಯ ಮಾತನ್ನು ಅರ್ಥ ಮಾಡಿಸಲು ನನಗೆ ಯಾವಾಗಲೂ ಜಾಸ್ತಿ ಹೊತ್ತು ಬೇಕಾಗುತ್ತದೆ. ವಿವರಣೆಯಲ್ಲಿ ತಪ್ಪು ಹುಡುಕಿ ಸಿಗದಿದ್ದರೆ ಅದನ್ನು ನಂಬಬಹುದು ಎಂದು ಜನ ಅಂದುಕೊಳ್ಳುತ್ತಾರೆ. ಇಲ್ಲಿ ವಿವರಣೆಯಲ್ಲಿ ತಪ್ಪೇ ಇಲ್ಲವಲ್ಲ.

ಮನುಷ್ಯರೂ ಹೀಗೇ ಮಾಡುತ್ತಾರೆ. ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸಾಲಾಗಿ ಇಟ್ಟ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳಲ್ಲಿ ಒಳ್ಳೆಯದನ್ನು ಆರಿಸಲು ಹೇಳಿದ ಪ್ರಯೋಗ ಇದೆ. ನಾಲ್ಕೂ ಒಂದೇ ಥರದವು. ಜನ ಹೆಚ್ಚಾಗಿ ಬಲತುದಿಯದನ್ನು ಆರಿಸಿದರು. ಯಾಕೆ ಎಂದು ಕೇಳಿದಾಗ ಯಾರೂ ತಾವಾಗಿ ಜಾಗದ ಮಾತು ಎತ್ತಲಿಲ್ಲ. ಆದರೂ ಮನುಷ್ಯರ ಜೊತೆ ಹೋಲಿಕೆಯನ್ನು ನಾನು ಇಲ್ಲಿಗೇ ನಿಲ್ಲಿಸುತ್ತೇನೆ. ಚಾಟ್‌ಬಾಟ್ ವಿಷಯದಲ್ಲಿ ನಮಗೆ ಒಂದು ಅನುಕೂಲವಿದೆ. ಹೊಸ ಸಂಭಾಷಣೆ ತೆರೆದರೆ, ನೆನಪಿನ ಸೌಲಭ್ಯ ಆನ್ ಆಗಿರದಿದ್ದರೆ, ಅದಕ್ಕೆ ಹಿಂದಿನದರ ನೆನಪಿರುವುದಿಲ್ಲ. ಒಂದೇ ಪ್ರಶ್ನೆಯನ್ನು ಒಂದೇ ಒಂದು ಅಂಶ ಬದಲಿಸಿ ಎಷ್ಟು ಸಲ ಬೇಕಾದರೂ ಕೇಳಬಹುದು.

ನಾವು ಮಾಡುವ ಪರೀಕ್ಷೆ ಅದೇ. ಕಾರಣವನ್ನು ಬಾಯಿಂದ ಕೇಳುವುದಿಲ್ಲ, ಪ್ರಶ್ನೆಯನ್ನು ಬದಲಿಸಿ ನೋಡುತ್ತೇವೆ. ಆ ಜೋಡಿಯನ್ನು ಅದಲುಬದಲು ಮಾಡಿದ್ದು ಮೊದಲ ಹೆಜ್ಜೆ. ಆದರೆ ಒಂದು ಸಲ ತೀರ್ಪು ತಿರುಗಿತು ಎಂದು ನಂಬಿಬಿಡಬಾರದು. ಮುಂದಿನ ಟೋಕನ್ ಆರಿಸುವಾಗ ಸ್ವಲ್ಪ ಆಕಸ್ಮಿಕತೆ ಸೇರಿರುತ್ತದೆ. ಏನೂ ಬದಲಿಸದೆ ಕೇಳಿದರೂ ಕೆಲವೊಮ್ಮೆ ಉತ್ತರ ಬದಲಾಗುತ್ತದೆ. ಹಾಗಾಗಿ ಒಂದೊಂದು ಕ್ರಮದಲ್ಲೂ ಹಲವು ಸಲ ಕೇಳಿದೆ. ಮೊದಲಿಗೆ ಇಟ್ಟದ್ದೇ ಮತ್ತೆ ಮತ್ತೆ ಗೆಲ್ಲುತ್ತಿತ್ತು.

ಎರಡನೆಯ ಹೆಜ್ಜೆ ಅದು ಹೇಳಿದ ಕಾರಣವನ್ನೇ ಕಿತ್ತುಹಾಕುವುದು. ಉದ್ದನೆಯ ಉತ್ತರ ಗೆದ್ದದ್ದು ಧೈರ್ಯ ಹೇಳುವ ಮಾತಿನಿಂದ ಎಂದಿತ್ತಲ್ಲ, ಆ ಮಾತುಗಳನ್ನೆಲ್ಲ ಅಳಿಸಿದೆ. ಅದನ್ನು ಮೊದಲ ಜಾಗದಲ್ಲೇ ಇಟ್ಟು ಕೇಳಿದೆ. ಆಗಲೂ ಅದೇ ಗೆದ್ದಿತು. ಈಗ ಕಾರಣ ಬೇರೆ: ಎಲ್ಲ ಹಂತಗಳನ್ನೂ ಬಿಡಿಸಿ ಹೇಳಿದೆ ಎಂದು. ಒಂದು ಕಾರಣವನ್ನು ತೆಗೆದರೂ ತೀರ್ಪು ಅಲ್ಲಾಡದೆ, ಅದರ ಜಾಗಕ್ಕೆ ಹೊಸ ಕಾರಣ ಬಂದು ಕೂತರೆ, ಹಳೆಯ ಕಾರಣ ತೀರ್ಪನ್ನು ಹೊತ್ತು ನಿಂತಿರಲಿಲ್ಲ ಎಂದು ಗೊತ್ತಾಗುತ್ತದೆ. ಆದರೆ ತೀರ್ಪನ್ನು ನಿಜವಾಗಿ ಹೊತ್ತಿದ್ದ ಎಲ್ಲವೂ ಇದರಿಂದ ಗೊತ್ತಾಗುವುದಿಲ್ಲ. ನಾವು ಬದಲಿಸಿ ನೋಡಿದ ಅಂಶದ ಬಗ್ಗೆ ಮಾತ್ರ ಹೇಳಬಹುದು.

ಮುಖ್ಯಸ್ಥರು ಆಗ ಒಂದು ಸಹಜವಾದ ಪ್ರಶ್ನೆ ಕೇಳಿದರು: ‘ಅದನ್ನೇ ನೇರವಾಗಿ ಕೇಳಬಹುದಲ್ಲ?’ ಕೇಳಿದೆವು. ಕ್ರಮ ನಿನ್ನ ಮೇಲೆ ಪ್ರಭಾವ ಬೀರಿತೇ ಎಂದಾಗ, ಇಲ್ಲ, ವಿಷಯವನ್ನು ಮಾತ್ರ ನೋಡಿದೆ ಎಂದಿತು. ಸ್ವಲ್ಪ ಒತ್ತಾಯ ಮಾಡಿದಾಗ, ಕ್ಷಮಿಸಿ, ಹೌದು, ಕ್ರಮದ ಪ್ರಭಾವ ಇತ್ತು ಎಂದಿತು. ಎರಡನೆಯದನ್ನು ತಪ್ಪೊಪ್ಪಿಗೆ ಎಂದು ತಿಳಿಯುವ ಆಸೆ ಆಗುತ್ತದೆ. ಆದರೆ ಕ್ರಮದ ಪ್ರಭಾವವೇ ಇಲ್ಲದ ಜೋಡಿಯಲ್ಲೂ ಹೀಗೇ ಒತ್ತಾಯ ಮಾಡಿ ನೋಡಿ, ಅಲ್ಲೂ ಹೌದು ಎನ್ನಬಹುದು. ಒತ್ತಾಯಕ್ಕೆ ತಕ್ಕ ಹಾಗೆ ಬದಲಾಗುವ ಮಾತು ಒಳಗಿನ ಲೆಕ್ಕಕ್ಕೆ ಸಾಕ್ಷಿ ಆಗುವುದಿಲ್ಲ.

ಮೊದಲೇ ಯೋಚನೆಯನ್ನು ಬರೆಸಿ, ಆಮೇಲೆ ಉತ್ತರ ಹೇಳಿಸಿದರೆ? ಇದರಲ್ಲಿ ಹುರುಳಿದೆ. ದೊಡ್ಡ ಗುಣಾಕಾರದಂಥ ಕೆಲಸದಲ್ಲಿ ಬರೆದ ಹಂತಗಳ ಮೇಲೆಯೇ ಉತ್ತರ ನಿಂತಿರಬಹುದು. ಮಧ್ಯದ ಒಂದು ಹಂತವನ್ನು ನಾವೇ ತಪ್ಪು ಮಾಡಿ ಕೊಟ್ಟು, ಮುಂದುವರಿಸಲು ಹೇಳಿದರೆ ಗೊತ್ತಾಗುತ್ತದೆ. ಉತ್ತರವೂ ಕೆಟ್ಟರೆ ಆ ಹಂತ ಕೆಲಸ ಮಾಡುತ್ತಿತ್ತು. ಉತ್ತರ ಹಾಗೇ ಉಳಿದರೆ ಅನುಮಾನ ಪಡಬೇಕು. ಆದರೆ ಬರೆದ ಯೋಚನೆ ಪೂರ್ತಿ ಎಂದು ತಿಳಿಯಬಾರದು. ಆಂತ್ರೊಪಿಕ್‌ನವರೇ 2025ರಲ್ಲಿ, ಯೋಚನೆಯನ್ನು ಬರೆದು ತೋರಿಸುವ ಮಾದರಿಗಳಿಗೆ ಪ್ರಶ್ನೆಯ ಜೊತೆ ಉತ್ತರದ ಸುಳಿವನ್ನೂ ಸೇರಿಸಿ ಕೊಟ್ಟರು. ಸುಳಿವಿನಿಂದಾಗಿ ಉತ್ತರ ಬದಲಾದ ಸಂದರ್ಭಗಳನ್ನು ಮಾತ್ರ ತೆಗೆದುಕೊಂಡು, ಯೋಚನೆಯಲ್ಲಿ ಸುಳಿವಿನ ಮಾತು ಇದೆಯೇ ಎಂದು ನೋಡಿದರು. ಕ್ಲಾಡ್ 3.7 ಸಾನೆಟ್ ಸರಾಸರಿ 25 ಪ್ರತಿಶತ ಸಲ ಹೇಳಿತ್ತು. ಇನ್ನೊಂದು ಕಂಪನಿಯ ಡೀಪ್‌ಸೀಕ್ ಆರ್1 39 ಪ್ರತಿಶತ. ಉಳಿದ ಸಲ ಸುಳಿವು ಕೆಲಸ ಮಾಡಿತ್ತು, ಆದರೆ ಬರಹದಲ್ಲಿ ಅದರ ಹೆಸರಿರಲಿಲ್ಲ. ನಮ್ಮ ಜೋಡಿಯಲ್ಲಿ ಜಾಗಕ್ಕೆ ಆದದ್ದೂ ಇದೇ.

ತಂಡ ತನ್ನ ಪದ್ಧತಿ ಬದಲಿಸಿತು. ಈಗ ಪ್ರತಿ ಜೋಡಿಯನ್ನೂ ಎರಡೂ ಕ್ರಮದಲ್ಲಿ ಕೇಳುತ್ತಾರೆ. ಎರಡರಲ್ಲೂ ಒಂದೇ ಉತ್ತರ ಗೆದ್ದರೆ ಮಾತ್ರ ತೀರ್ಪನ್ನು ಇಟ್ಟುಕೊಳ್ಳುತ್ತಾರೆ. ತಿರುಗಿದರೆ ಅನುಭವಿ ಒಬ್ಬರು ಓದುತ್ತಾರೆ. ಚಾಟ್‌ಬಾಟ್ ಕೊಟ್ಟ ಕಾರಣವನ್ನು ಬರೆದವರಿಗೆ ಕಳಿಸುವುದನ್ನು ನಿಲ್ಲಿಸಿದ್ದಾರೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಚಿಕ್ಕ ಉತ್ತರ ಬರೆದ ಹುಡುಗಿ. ನಾನು ಬರುವ ಮೊದಲು ತಂಡದವರು ಕೇಳಿದಾಗ ಅವಳ ಉತ್ತರ ಎರಡನೆಯದಾಗಿ ಇತ್ತು. ‘ನಿಮ್ಮ ಬರಹ ಒರಟಾಗಿದೆ’ ಎಂಬ ಮಾತು ಅವಳಿಗೆ ಹೋಗಿತ್ತು. ಆಮೇಲೆ ಅವಳು ಪ್ರತಿ ಉತ್ತರದಲ್ಲೂ ಮೂರು ನಾಲ್ಕು ಸಾಲು ಕ್ಷಮೆ ಸೇರಿಸತೊಡಗಿದ್ದಳು. ಮುಖ್ಯಸ್ಥರು ಅವಳನ್ನು ಕರೆದು, ಅದಲುಬದಲು ಮಾಡಿದ ಎರಡೂ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಅವಳು ಎರಡನ್ನೂ ಓದಿ, ‘ಹಾಗಾದ್ರೆ ನಾನು ಮೊದಲಿನ ಹಾಗೇ ಬರೀಬಹುದಾ ಸರ್?’ ಎಂದು ಕೇಳಿದಳು.