ಗೋದಾಮಿಗೆ ಕಳಿಸಲಾ, ನಾನೇ ಪ್ಯಾಕ್ ಮಾಡಲಾ?

ಪ್ರಶ್ನೆ: ಆನ್‌ಲೈನ್ ಮಾರ್ಕೆಟ್‌ಪ್ಲೇಸ್‌ನವರ ಫುಲ್‌ಫಿಲ್‌ಮೆಂಟ್, ಅಂದ್ರೆ ಮಾಲನ್ನು ಅವರೇ ಇಟ್ಕೊಂಡು ಪ್ಯಾಕ್ ಮಾಡಿ ಕಳಿಸೋ ಸೇವೆ, ತಗೊಂಡರೆ ಮಾರಾಟ ಜಾಸ್ತಿ ಆಗುತ್ತಂತೆ. ಇರೋ ಮಾಲನ್ನೆಲ್ಲ ಅವರ ಗೋದಾಮಿಗೇ ಕಳಿಸಿಬಿಡಲಾ, ಇಲ್ಲಾ ಮನೆಯಿಂದ ನಾನೇ ಪ್ಯಾಕ್ ಮಾಡಿ ಕಳಿಸ್ತಾ ಇರಲಾ?

ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಚಿಕ್ಕ ಉತ್ತರ ಇಷ್ಟೇ: ಚಿಕ್ಕದಾಗಿದ್ದು ಬೇಗ ಖರ್ಚಾಗುವ ಮಾಲು ಗೋದಾಮಿಗೆ, ದೊಡ್ಡದಾಗಿದ್ದು ನಿಧಾನಕ್ಕೆ ಹೋಗುವುದು ನಿಮ್ಮ ಹತ್ತಿರ. ಅಂಗಡಿಗೆಲ್ಲ ಸೇರಿಸಿ ಒಂದೇ ತೀರ್ಮಾನ ಮಾಡಬೇಡಿ. ಒಂದೊಂದು ವಸ್ತುವಿಗೂ ಬೇರೆಯಾಗಿ ಲೆಕ್ಕ ಹಾಕಿ.

ಆದರೆ ‘ಮಾರಾಟ ಜಾಸ್ತಿ ಆಗುತ್ತಂತೆ’ ಅನ್ನುವ ಮಾತನ್ನು ಸುಮ್ನೆ ಬಿಡೋಕಾಗಲ್ಲ. ಬೇಗ ತಲುಪುತ್ತದೆ ಅನ್ನುವ ಗುರುತು ಲಿಸ್ಟಿಂಗ್ ಮೇಲೆ ಬಿದ್ದರೆ ಉಪಯೋಗ ಆಗುವುದು ನಿಜ. ಯಾರಿಗೆ? ಈಗಾಗಲೇ ನಿಮ್ಮ ಪುಟಕ್ಕೆ ಬಂದು, ಕೊಳ್ಳಲೋ ಬೇಡವೋ ಎಂದು ತೂಗುತ್ತಿರುವ ಗಿರಾಕಿಗೆ. ಪುಟಕ್ಕೇ ಯಾರೂ ಬರುತ್ತಿಲ್ಲ ಅಂದರೆ ಆ ಗುರುತನ್ನು ನೋಡುವವರು ಯಾರು? ನಿಮ್ಮ ಮನೆಯಲ್ಲಿ ಧೂಳು ಹಿಡಿಯುತ್ತಿದ್ದ ಮಾಲು ಅಲ್ಲಿ ಹೋಗಿ ಧೂಳು ಹಿಡಿಯುತ್ತದೆ, ಅದೂ ಬಾಡಿಗೆ ಕೊಟ್ಟುಕೊಂಡು.

ಆ ಬಾಡಿಗೆ ಹೇಗೆ ಬೆಳೆಯುತ್ತದೆ ನೋಡಿ. ಒಬ್ಬರು ಮೊಬೈಲ್ ಸ್ಟ್ಯಾಂಡ್ ಮತ್ತು ಲ್ಯಾಂಪ್ ಶೇಡ್ ಎರಡನ್ನೂ ಮಾರುತ್ತಾರೆ ಅಂದುಕೊಳ್ಳಿ. ಸ್ಟ್ಯಾಂಡಿನ ಪೆಟ್ಟಿಗೆ 12×10×3 ಸೆಂ.ಮೀ., ಅಂದರೆ 360 ಘನ ಸೆಂ.ಮೀ. ಶೇಡಿನದು ಮೂರೂ ಕಡೆ 30 ಸೆಂ.ಮೀ., ಅಂದರೆ 27,000. ಒಂದು ಶೇಡ್ ಇಡುವ ಜಾಗದಲ್ಲಿ 75 ಸ್ಟ್ಯಾಂಡ್ ಹಿಡಿಸುತ್ತವೆ. ಗೋದಾಮಿನವರು ಬಾಡಿಗೆ ಹಾಕುವುದು ತೂಕಕ್ಕಲ್ಲ, ಮಾಲು ಹಿಡಿಯುವ ಜಾಗಕ್ಕೆ ಮತ್ತು ಅಲ್ಲಿ ಕೂತ ದಿನಗಳಿಗೆ.

ಈಗ ದಿನಗಳ ಲೆಕ್ಕ. ಎರಡನ್ನೂ 40–40 ಕಳಿಸಿದರು. ಸ್ಟ್ಯಾಂಡುಗಳು ಒಂದೇ ವಾರದಲ್ಲಿ ಖಾಲಿ, ಹಾಗಾಗಿ ಸರಾಸರಿ ಒಂದೊಂದೂ ಅಲ್ಲಿದ್ದದ್ದು ಅರ್ಧ ವಾರ. ಶೇಡ್ ಹೋಗುವುದು ವಾರಕ್ಕೆ ಒಂದು. ಕೊನೆಯದು ಹೋಗುವಷ್ಟರಲ್ಲಿ 40 ವಾರ, ಸರಾಸರಿ 20 ವಾರ. ಜಾಗ 75 ಪಟ್ಟು, ಕಾಲ 40 ಪಟ್ಟು. ಗುಣಿಸಿದರೆ ಒಂದು ಶೇಡಿನ ಬಾಡಿಗೆ ಒಂದು ಸ್ಟ್ಯಾಂಡಿನದಕ್ಕಿಂತ 3,000 ಪಟ್ಟು! ಸ್ಟ್ಯಾಂಡಿನ ಬಾಡಿಗೆ ಕಣ್ಣಿಗೇ ಕಾಣದಷ್ಟು ಸಣ್ಣದು, ಅದಕ್ಕೇ ಯಾರೂ ಈ ಲೆಕ್ಕ ಹಾಕುವುದಿಲ್ಲ. ಸಾಲದ್ದಕ್ಕೆ ತುಂಬಾ ದಿನ ಕೂತ ಮಾಲಿಗೆ ಬೇರೆ ಹೆಚ್ಚುವರಿ ಶುಲ್ಕ ಇರುತ್ತದೆ. ಅದು 180 ದಿನಕ್ಕೆ ಶುರು ಅಂತಿಟ್ಟುಕೊಂಡರೆ, ಈ 40 ಶೇಡುಗಳಲ್ಲಿ 15 ಆ ಗೆರೆ ದಾಟಿರುತ್ತವೆ. ಬೇಡ, ವಾಪಸ್ ಕೊಡಿ ಅಂದರೆ ಅದಕ್ಕೂ ದುಡ್ಡು.

ನಾನೂ ಇದನ್ನು ಬುದ್ಧಿವಂತಿಕೆಯಿಂದ ಕಲಿತವನಲ್ಲ. ಮೂರು ಪೆಟ್ಟಿಗೆ ಮಾಲು ವಾಪಸ್ ತರಿಸಿಕೊಂಡು ಕಲಿತೆ. ಒಂದರ ಮೇಲೆ ನಾನೇ ಅಂಟಿಸಿದ್ದ ಟೇಪ್ ಹಾಗೇ ಇತ್ತು, ಬಿಚ್ಚೇ ಇರಲಿಲ್ಲ.

ಹಾಗಂತ ಮನೆಯಿಂದ ಕಳಿಸುವುದು ಬರೀ ಕೊರಿಯರ್ ಖರ್ಚು ಅಂದುಕೊಳ್ಳಬೇಡಿ. ಗಡಿಯಾರ ಎದುರಿಗಿಟ್ಟು ಹತ್ತು ಆರ್ಡರ್ ಪ್ಯಾಕ್ ಮಾಡಿ ನೋಡಿ: ಮಾಲು ಹುಡುಕುವುದು, ಬಬಲ್ ಸುತ್ತುವುದು, ಲೇಬಲ್ ಅಂಟಿಸುವುದು, ಪಿಕಪ್ ಹುಡುಗನಿಗೆ ಕಾಯುವುದು, ಎಲ್ಲ ಸೇರಿಸಿ. ಆ ಸಮಯಕ್ಕೆ ಒಂದು ಕೂಲಿ ಕಟ್ಟಿ, ಪೆಟ್ಟಿಗೆ-ಟೇಪಿನ ಖರ್ಚು ಮತ್ತು ಕೊರಿಯರ್ ಸೇರಿಸಿ. ಆ ಮೊತ್ತವನ್ನು ಗೋದಾಮಿನವರ ಶುಲ್ಕ ಮತ್ತು ಬಾಡಿಗೆಯ ಜೊತೆಗೆ ಹೋಲಿಸಿ. ದಿನಕ್ಕೆ ಆರು ಸ್ಟ್ಯಾಂಡ್ ಪ್ಯಾಕ್ ಮಾಡುವವರು ಸಾಮಾನ್ಯವಾಗಿ ಇಲ್ಲೇ ಸೋಲುವುದು.

ನೀವು ಕೇಳದ ಇನ್ನೊಂದು ಪ್ರಶ್ನೆ ಇದೆ, ನನ್ನ ಪ್ರಕಾರ ಅದನ್ನೇ ಮೊದಲು ಕೇಳಬೇಕಿತ್ತು: ಆ ಶೇಡಿಗೆ ಅಷ್ಟು ದೊಡ್ಡ ಪೆಟ್ಟಿಗೆ ಯಾಕೆ? ಮನೆಯಿಂದ ಕಳಿಸಿದರೂ ಕೊರಿಯರ್‌ನವರು ಗಾತ್ರದ ತೂಕ ಅಂತ ಒಂದನ್ನು ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ, ಹಲವರು 5,000ದಿಂದ ಭಾಗಿಸುತ್ತಾರೆ. ಬಂದದ್ದಕ್ಕೂ ನಿಜವಾದ ತೂಕಕ್ಕೂ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 600 ಗ್ರಾಂ ಇರುವ ಶೇಡು ಅವರ ಪುಸ್ತಕದಲ್ಲಿ 5.4 ಕೆ.ಜಿ. ಅದೇ ಶೇಡನ್ನು ಮಡಚುವಂತೆ ಮಾಡಿಸಿ, ತಂತಿಯ ಬಳೆಗಳ ಜೊತೆ 6 ಸೆಂ.ಮೀ. ಎತ್ತರದ ಪೆಟ್ಟಿಗೆಯಲ್ಲಿ ಇಟ್ಟರೆ 1.08 ಕೆ.ಜಿ.ಗೆ ಇಳಿಯುತ್ತದೆ. ಗೋದಾಮಿನ ಜಾಗವೂ ಐದರಲ್ಲಿ ಒಂದು ಪಾಲಾಗುತ್ತದೆ. ಎಲ್ಲಿಂದ ಕಳಿಸಬೇಕು ಅನ್ನುವ ಲೆಕ್ಕವನ್ನು ಆ ಹೊಸ ಪೆಟ್ಟಿಗೆ ಕೈಗೆ ಬಂದ ಮೇಲೆ ಮತ್ತೊಮ್ಮೆ ಹಾಕಿ.